ದಯೆ ಬೇಡ, ರೀಡಿಂಗ್ ಬರೆಯಿರಿ

ನಮ್ಮೂರಿನ ಹೊಲಿಗೆ ಅಂಗಡಿಯ ಅಕ್ಕನಿಗೆ ಕಳೆದ ತಿಂಗಳು 548 ಯೂನಿಟ್‌ಗೆ ಕರೆಂಟ್ ಬಿಲ್ ಬಂತು. ಯಾವ ತಿಂಗಳೂ 50 ದಾಟಿದ್ದಿಲ್ಲ. ಅವರು ಬರೆಸಿದ್ದ ಅರ್ಜಿಯಲ್ಲಿ 'ಬಡವಳು, ದಯಮಾಡಿ ಕಡಿಮೆ ಮಾಡಿ' ಎಂದಷ್ಟೇ ಇತ್ತು. ಇದು ದಯೆ ಕೇಳುವ ವಿಷಯವೇ ಅಲ್ಲ.

ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ 3412, ಈಗಿನದು 3960. ಹತ್ತು ದಿನ ಬಿಟ್ಟು ಮೀಟರ್ ನೋಡಿದರೆ 3476! ಮೀಟರ್ ಹಿಂದಕ್ಕೆ ಓಡುವುದಿಲ್ಲ. 3460 ಅನ್ನು 3960 ಎಂದು ಬರೆದುಕೊಂಡಿದ್ದರು. ಬಳಸಿದ್ದು 48 ಯೂನಿಟ್. ಮೀಟರಿನಲ್ಲೇ 3960 ದಾಟಿದ್ದರೆ ಮಾತು ಬೇರೆ, ಆಗ ಮೀಟರ್ ಪರೀಕ್ಷೆ ಕೇಳಬೇಕು.

ಅರ್ಜಿಯನ್ನು ಹೊಸದಾಗಿ ಬರೆದೆವು. ಆರ್.ಆರ್. ನಂಬರ್, ಬಿಲ್ ದಿನಾಂಕ, ಈ ಮೂರು ರೀಡಿಂಗ್, ಜೊತೆಗೆ ಮೀಟರ್ ನಂಬರ್ ಕಾಣುವ ಫೋಟೊ. ಉಪವಿಭಾಗದ ಕಚೇರಿಗೆ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಂಡೆವು.

'ಮೊದಲು ಪೂರ್ತಿ ಕಟ್ಟಿ, ಆಮೇಲೆ ನೋಡೋಣ' ಎಂದರು ಕೌಂಟರಿನವರು. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ಹಾಗೆ ಹೇಳುವುದಿಲ್ಲ. ಹಿಂದಿನ ಆರು ತಿಂಗಳ ಸರಾಸರಿಯಷ್ಟನ್ನು ತಕರಾರು ದಾಖಲಿಸಿ ಕಟ್ಟಿದರೆ, ತೀರ್ಮಾನವಾಗುವ ತನಕ ಸಂಪರ್ಕ ಕಡಿಯುವಂತಿಲ್ಲ. ಅಕ್ಕ ಅಷ್ಟೇ ಕಟ್ಟಿ ಬಂದರು. ತಪ್ಪು ಓದಿದವರದ್ದು; ಅದರ ಸಾಲ ಅಕ್ಕ ಯಾಕೆ ಹೊರಬೇಕು?