‘ಹಳೇದೇ ಇರಲಿ’ ಅನ್ನೋರ ಮಾತು ಸ್ವಲ್ಪ ಕೇಳೋಣ

ಕಂಪನಿಯಲ್ಲಿ ಸಂಬಳದ ಸಾಫ್ಟ್‌ವೇರ್ ಬದಲಾಗುವಾಗ ಹಿರಿಯ ಸಿಬ್ಬಂದಿ ಬೇಡ ಅಂದರೆ, ನಮ್ಮಂಥ ಇಂಜಿನಿಯರಿಂಗ್‌ನವರು ಕೊಡೋ ಮದ್ದು ಒಂದೇ: ಇನ್ನೊಂದು ಟ್ರೈನಿಂಗ್. ಅದಕ್ಕೂ ಮೊದಲು ಅವರನ್ನು ಒಂದು ಪ್ರಶ್ನೆ ಕೇಳಬೇಕು ಅಂತ ನಮ್ಮ ಅಭಿಪ್ರಾಯ. “ಸರ್, ಪ್ರತಿ ತಿಂಗಳು ಯಾರ ಸಂಬಳವನ್ನ ನೀವು ಕೈಯಲ್ಲಿ ಸರಿಮಾಡ್ತೀರಿ?”

ಉದಾಹರಣೆಗೆ ಇಎಸ್‌ಐ ತಗೊಳ್ಳಿ. ವೇತನದ ಮಿತಿ 21,000. ಒಬ್ಬ ಕಾರ್ಮಿಕನಿಗೆ ಏಪ್ರಿಲ್‌ನಲ್ಲಿ 20,500 ಇತ್ತು, ಜೂನ್‌ನಲ್ಲಿ 21,800 ಆಯ್ತು. ಮಿತಿ ದಾಟಿದ ಅಂತ ಕಡಿತ ನಿಲ್ಲಿಸೋ ಹಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಂತಿಗೆ ಅವಧಿ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು. ಅವಧಿ ಶುರುವಾದಾಗ ಒಳಗಿದ್ದವನು ಅದು ಮುಗಿಯುವವರೆಗೂ ಒಳಗೇ.

ಈಗ ಜುಲೈನಲ್ಲಿ ಹೊಸ ಸಾಫ್ಟ್‌ವೇರ್‌ಗೆ ದತ್ತಾಂಶ ತುಂಬಿದರು ಅನ್ನಿ. ಅದಕ್ಕೆ ಕಾಣೋದು ಅವತ್ತಿನ 21,800 ಮಾತ್ರ. ಏಪ್ರಿಲ್‌ನ ಕಥೆ ಅದಕ್ಕೇನು ಗೊತ್ತು? ಹಾಗಾಗಿ ಕಡಿತ ಸೊನ್ನೆ. ಹಳೇದು ಮಾತ್ರ ನೌಕರನ ಪಾಲು ಶೇ. 0.75ರಂತೆ 164 ರೂಪಾಯಿ ಹಿಡಿಯುತ್ತೆ. ಎರಡನ್ನೂ ಜೊತೆಜೊತೆಗೆ ಓಡಿಸಿದಾಗ ಈ ವ್ಯತ್ಯಾಸ ಕಂಡೇ ಕಾಣುತ್ತೆ. ಅಪಾಯ ಇರೋದು ಮುಂದಿನ ಹೆಜ್ಜೆಯಲ್ಲಿ. ‘ಮಿತಿ 21,000 ತಾನೆ, ಹೊಸದೇ ಸರಿ’ ಅಂತ ಯಾರೋ ಹುಡುಗರು ಟಿಕ್ ಹಾಕಿಬಿಡ್ತಾರೆ. ಕೈಗೆ 164 ಜಾಸ್ತಿ ಬಂದ ಕಾರ್ಮಿಕ ಯಾಕೆ ದೂರು ಕೊಡ್ತಾನೆ? ಮಾಲೀಕರ ಪಾಲು 709 ಕೂಡ ಕಟ್ಟದೆ ಉಳಿಯುತ್ತೆ. ಇಂಥ ನಲವತ್ತು ಜನ ಇದ್ದರೆ ತಿಂಗಳಿಗೆ ಸುಮಾರು 35 ಸಾವಿರ ಬಾಕಿ, ಮೇಲೆ ಬಡ್ಡಿ. ಇದನ್ನ ಮೊದಲ ನೋಟಕ್ಕೇ ಹಿಡಿಯೋರು ವರ್ಷಾನುಗಟ್ಟಲೆ ಚಲನ್ ಕಟ್ಟಿದ ಆ ಹಿರಿಯರೇ.

ಆದ್ದರಿಂದ ಬದಲಾವಣೆಯನ್ನು ಏಪ್ರಿಲ್‌ಗೆ ಇಟ್ಟುಕೊಳ್ಳುವುದು ಒಳ್ಳೆಯದು. ಇಎಸ್‌ಐ ಅವಧಿಯೂ ಹೊಸದು, ಟಿಡಿಎಸ್‌ನ ವರ್ಷವೂ ಹೊಸದು. ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಹಳೆಯದರಲ್ಲೇ ಸಂಬಳ ಕೊಟ್ಟು, ಹೊಸದನ್ನು ಪಕ್ಕದಲ್ಲಿ ಓಡಿಸಿ ಪ್ರತಿಯೊಬ್ಬರ ಮೊತ್ತ ಹೋಲಿಸಬೇಕು. ಜೊತೆಗೆ ಕಳೆದ ವರ್ಷ ಸಂಬಳ ಏರಿದ ತಿಂಗಳನ್ನೂ ಒಮ್ಮೆ ಮರು-ಓಡಿಸಬೇಕು, ಇಲ್ಲದಿದ್ದರೆ ಈ ತಪ್ಪು ಪರೀಕ್ಷೆಯಲ್ಲಿ ತಲೆ ಎತ್ತುವುದೇ ಇಲ್ಲ. ಒಂದು ರೂಪಾಯಿ ವ್ಯತ್ಯಾಸಕ್ಕೂ ಕಾರಣ ಬರೆದು, ಕೆಳಗೆ ಹಿರಿಯರ ಸಹಿ ಇರಲಿ. ಆ ಸಹಿ ಬೀಳುವ ತನಕ ಹಳೆಯದನ್ನು ಮುಚ್ಚುವ ಮಾತು ಬೇಡ.

ಹಾಗಂತ ಹಿರಿಯರು ಹೇಳಿದ್ದೆಲ್ಲ ಸರಿ ಅಂತಲ್ಲ. ಕೈಯಲ್ಲಿ ಮಾಡುತ್ತಾ ಬಂದ ಕೆಲವು ತಿದ್ದುಪಡಿಗಳು ಹಳೇ ತಪ್ಪುಗಳೇ ಆಗಿರ್ತವೆ. ಕಾರಣ ಬರೆಯಲು ಕೂತಾಗ ಅದು ಅವರಿಗೇ ಗೊತ್ತಾಗುತ್ತೆ, ನಾವು ಹೇಳೋದೇ ಬೇಕಾಗಲ್ಲ. ಇನ್ನೊಂದು ವಿಷಯ: ಆ ಎರಡು ತಿಂಗಳು ಡಬಲ್ ಕೆಲಸ ಬೀಳೋದು ಅವರ ಮೇಲೆಯೇ, ಅದೂ ವರ್ಷಾಂತ್ಯದ ಟಿಡಿಎಸ್ ಗಡಿಬಿಡಿಯಲ್ಲಿ. ಡೇಟಾ ಎಂಟ್ರಿಗೆ ಒಬ್ಬರನ್ನು ಹೆಚ್ಚಿಗೆ ಕೊಡದೆ ‘ಸಹಕರಿಸ್ತಿಲ್ಲ’ ಅಂತ ಮೇಲ್ ಹಾಕೋ ಮ್ಯಾನೇಜರ್‌ಗಳ ಬಗ್ಗೆ ನಮಗಂತೂ ಅನುಕಂಪ ಇಲ್ಲ.