ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ, ಮೆಜೆಸ್ಟಿಕ್‌ನಲ್ಲಲ್ಲ

ರಾಮಗಿರಿ, ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಕಾಶಿಗೆ ಹೋಗುವವರಿರಲಿ, ದುಬೈಗೆ ಕೆಲಸಕ್ಕೆ ಹೊರಟ ಹುಡುಗರಿರಲಿ, ಎಲ್ಲರಿಗೂ ಸಿಗುವ ಸಲಹೆ ಒಂದೇ: 'ಎರಡು ಗಂಟೆ ಮುಂಚೆ ಬೆಂಗಳೂರಲ್ಲಿದ್ರೆ ಸಾಕು ಬಿಡ್ರಿ.' ಟಿಕೆಟ್ ಮಾಡಿಕೊಡುವ ಅಂಗಡಿಯವರೂ ಇದನ್ನೇ ಹೇಳುತ್ತಾರೆ, ಊರಿನ ಹಿರಿಯರೂ ಇದನ್ನೇ ಹೇಳುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಆ ಎರಡು ಗಂಟೆ ಲೆಕ್ಕ ವಿಮಾನ ನಿಲ್ದಾಣದ ಬಾಗಿಲಿನಿಂದ ಶುರುವಾಗುತ್ತದೆಯೇ ಹೊರತು ಮೆಜೆಸ್ಟಿಕ್‌ನಿಂದಲ್ಲ. 2008ರಲ್ಲಿ ಹಳೆಯ ಎಚ್ಎಎಲ್ ನಿಲ್ದಾಣ ಬಿಟ್ಟು ವಿಮಾನಗಳು ದೇವನಹಳ್ಳಿ ಬಳಿಗೆ ಹೋದವು. ನಮ್ಮ ತಲೆಯಲ್ಲಿ ಮಾತ್ರ ಅವು ಇನ್ನೂ ಊರೊಳಗೇ ಇವೆ.

ದಾರಿ ನೋಡಿ. ತುಮಕೂರು, ನೆಲಮಂಗಲ, ಗೊರಗುಂಟೆಪಾಳ್ಯ ದಾಟಿ ಮೆಜೆಸ್ಟಿಕ್‌ಗೆ ಇಳಿಯುತ್ತೇವೆ. ಅಲ್ಲಿಂದ ವಾಯುವಜ್ರ ಬಸ್ ಹತ್ತಿ ಮತ್ತೆ ಉತ್ತರಕ್ಕೆ, ಹೆಬ್ಬಾಳದ ಮೇಲೆ, ಸುಮಾರು 35 ಕಿಲೋಮೀಟರ್ ಹೋಗಬೇಕು. ನಸುಕಿನಲ್ಲಿ ಇದು ಒಂದು ಗಂಟೆಯ ಮಾತು. ಎಂಟು ಗಂಟೆ ಹೊತ್ತಿಗೆ ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಾದರೂ ಆಶ್ಚರ್ಯವಿಲ್ಲ. ಆದ್ದರಿಂದ ಬೆಳಗಿನ ವಿಮಾನಕ್ಕೆ ರಾತ್ರಿ ಬಸ್ ಹಿಡಿಯುವವರು ಐದು ಗಂಟೆಯೊಳಗೆ ಮೆಜೆಸ್ಟಿಕ್‌ನಲ್ಲಿ ಇಳಿಯುವ ಬಸ್ ನೋಡಿಕೊಳ್ಳಬೇಕು. ಬೆಳಗಾದ ಮೇಲೆ ತಲುಪುವ ಬಸ್ಸನ್ನು ಮಧ್ಯಾಹ್ನದ ನಂತರದ ವಿಮಾನಕ್ಕೆ ಮಾತ್ರ ನಂಬಿ.

ಕಾರು ಮಾಡಿಸಿಕೊಂಡು ಹೋಗುವವರಂತೂ ಬೆಂಗಳೂರಿನೊಳಗೆ ಕಾಲಿಡುವ ಅಗತ್ಯವೇ ಇಲ್ಲ. ತುಮಕೂರು ದಾಟಿದ ಮೇಲೆ, ನೆಲಮಂಗಲಕ್ಕೆ ಮುಂಚೆಯೇ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಒಳ್ಳೆಯ ಹೆದ್ದಾರಿ ಇದೆ. ಟೋಲ್ ಕಟ್ಟಬೇಕು, ಆದರೆ ಹೆಬ್ಬಾಳ ತಪ್ಪುತ್ತದೆ. 'ನಂಗೆ ಸಿಟಿ ರೋಡೇ ಗೊತ್ತು ಸಾರ್' ಎನ್ನುವ ಡ್ರೈವರಣ್ಣನಿಗೆ ಊರು ಬಿಡುವ ಮುಂಚೆಯೇ ದಾಬಸ್‌ಪೇಟೆ ಎಂದು ಹೇಳಿಬಿಡಿ. ನೆಲಮಂಗಲದಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಈಗ ರಾಮಗಿರಿಯಿಂದ ಲೆಕ್ಕ ಹಾಕೋಣ. ದೆಹಲಿ ವಿಮಾನ ಬೆಳಿಗ್ಗೆ 10ಕ್ಕೆ ಎಂದುಕೊಳ್ಳಿ. ದೇಶದೊಳಗಿನ ವಿಮಾನಕ್ಕೆ ಬ್ಯಾಗು ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ, ಅಂದರೆ 9ಕ್ಕೆ. ಬಾಗಿಲಲ್ಲಿ, ಸೆಕ್ಯುರಿಟಿಯಲ್ಲಿ ಸಾಲು ಇರುವುದರಿಂದ 8ಕ್ಕೆ ಅಲ್ಲಿರಬೇಕು. ದಾಬಸ್‌ಪೇಟೆಯಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ ಇಟ್ಟರೆ, ದಾಬಸ್‌ಪೇಟೆಯನ್ನು 6.30ಕ್ಕೆ ಬಿಡಬೇಕು. ಹಿರಿಯೂರಿನಿಂದ ಅಲ್ಲಿಗೆ ಎರಡು ಗಂಟೆ, ಹಾಗಾಗಿ ಹಿರಿಯೂರು 4.30ಕ್ಕೆ. ಹೊಸದುರ್ಗದ ಮೇಲೆ ಹಿರಿಯೂರು ಮುಟ್ಟಲು ಒಂದೂವರೆ ಗಂಟೆ ಎಂದರೆ 3 ಗಂಟೆ. ಪಂಕ್ಚರ್, ಟೀ, ಮಂಜು, ಅಜ್ಜಿಯ ಮಾತ್ರೆ ಮರೆತು ವಾಪಸ್ ಹೋಗುವುದು, ಇದಕ್ಕೆಲ್ಲ ಇನ್ನೊಂದು ಗಂಟೆ. ರಾತ್ರಿ 2ಕ್ಕೆ ಮನೆ ಬಿಡಬೇಕು. ದಾರಿಯಲ್ಲಿ ನೋಡಬೇಕಾದ ಗಡಿಯಾರ ದಾಬಸ್‌ಪೇಟೆಯದು. 5.30ಕ್ಕೆ ತಲುಪಿದ್ದರೆ ನಿಧಾನವಾಗಿ ಇಡ್ಲಿ ತಿನ್ನಿ. 6.30 ದಾಟಿದ್ದರೆ ಗಾಡಿ ನಿಲ್ಲಿಸಬೇಡಿ. ವಿದೇಶಕ್ಕಾದರೆ ಮೂರು ಗಂಟೆ ಮುಂಚೆ ಬಾಗಿಲಲ್ಲಿರಬೇಕಾದ್ದರಿಂದ ಇಡೀ ಲೆಕ್ಕ ಇನ್ನೊಂದು ಗಂಟೆ ಹಿಂದಕ್ಕೆ ಸರಿಯುತ್ತದೆ.

ರೈಲು ಅಗ್ಗ, ನಿಜ. ಹೊಸದುರ್ಗ ರೋಡ್ ಅಥವಾ ಚಿಕ್ಕಜಾಜೂರಿನಲ್ಲಿ ಹತ್ತಿದವರು, ಆ ರೈಲು ನಿಲ್ಲುವುದಾದರೆ ಯಶವಂತಪುರದಲ್ಲೇ ಇಳಿದು ಟ್ಯಾಕ್ಸಿ ಹಿಡಿಯುವುದು ಮೇಲು. ಆದರೆ ರೈಲು ತಡವಾಯಿತೆಂದು ವಿಮಾನದವರು ಕಾಯುವುದಿಲ್ಲ, ಹಣವನ್ನೂ ಕೊಡುವುದಿಲ್ಲ. ಎರಡೂ ಬೇರೆ ಬೇರೆ ಟಿಕೆಟ್. ರೈಲು ಎರಡು ಗಂಟೆ ತಡವಾದರೂ ವಿಮಾನ ಸಿಗುವಂತಿದ್ದರೆ ಮಾತ್ರ ರೈಲಿಗೆ ಹೋಗಿ. 2021ರಿಂದ ನಿಲ್ದಾಣದ ಹತ್ತಿರ ಒಂದು ರೈಲ್ವೆ ಹಾಲ್ಟ್ ಇದೆಯಾದರೂ ಅಲ್ಲಿ ನಿಲ್ಲುವ ರೈಲುಗಳು ಕಡಿಮೆ. ಅದನ್ನು ನೆಚ್ಚಿ ಹೊರಡಬೇಡಿ.

ಕೆಎಸ್ಆರ್‌ಟಿಸಿಯ ಬಗ್ಗೆಯೂ ನಮ್ಮ ತಕರಾರಿದೆ. ಮೈಸೂರಿಗೆ ಎಷ್ಟೋ ವರ್ಷದಿಂದ ಇರುವ ಫ್ಲೈಬಸ್, ದಾವಣಗೆರೆಗೆ ಬಂದದ್ದು 2025ರಲ್ಲಿ. ಅದು ಓಡುವುದು ನಮ್ಮ ಜಿಲ್ಲೆಯ ಹೆದ್ದಾರಿಯಲ್ಲೇ. ಹೊಳಲ್ಕೆರೆ, ಹೊಸದುರ್ಗದ ಬಸ್ ಸ್ಟ್ಯಾಂಡ್‌ಗಳಲ್ಲಿ ಅದರ ಹೊತ್ತು, ಹತ್ತುವ ಜಾಗ ಬರೆದ ಒಂದು ಬೋರ್ಡ್ ಹಾಕಲು ಎಷ್ಟು ಖರ್ಚಾದೀತು? ಅಲ್ಲಿಯವರೆಗೆ ಕೆಎಸ್ಆರ್‌ಟಿಸಿ ಬುಕಿಂಗ್‌ನಲ್ಲಿ ನೋಡಿ, ಸೀಟು ಕಾದಿರಿಸಿಯೇ ಹೊರಡಿ.

ಟಿಕೆಟ್ ಅಂಗಡಿಯವರಿಗೂ ಒಂದು ಮಾತು. ಕೈಗೆ ಕೊಡುವ ಕಾಗದದ ಮೇಲೆ ಪೆನ್ನಿನಲ್ಲಿ ಎರಡು ಸಂಗತಿ ಬರೆಯಿರಿ: ಮನೆ ಬಿಡಬೇಕಾದ ಹೊತ್ತು, ಟರ್ಮಿನಲ್ ಒಂದೋ ಎರಡೋ ಎಂಬುದು. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲ ಟರ್ಮಿನಲ್ ಎರಡಕ್ಕೆ ಹೋಗಿವೆ. ದೇಶದೊಳಗಿನವು ಕಂಪನಿ ನೋಡಿಕೊಂಡು ಎರಡರಲ್ಲೂ ಇವೆ. ತಪ್ಪು ಬಾಗಿಲಲ್ಲಿ ಇಳಿದವರು ಚೀಲ ಹೊತ್ತು ಇನ್ನೊಂದು ಬಸ್ ಹತ್ತುವಷ್ಟರಲ್ಲಿ, ಉಳಿಸಿಕೊಂಡಿದ್ದ ಅರ್ಧ ಗಂಟೆ ಹೋಗಿರುತ್ತದೆ.