‘ಮೀ’ ಎಂದರೆ ‘ಇಂಗ್’ ಅಲ್ಲ

ಪರ್ಷಿಯನ್ ಕಲಿಸುವ ಪಾಠಗಳಲ್ಲಿ ಎರಡನೇ ತಿಂಗಳಿಗೆಲ್ಲ ಒಂದು ಸೂತ್ರ ಬಾಯಿಪಾಠವಾಗಿಬಿಡುತ್ತದೆ: ಭೂತಕಾಲದ ಕ್ರಿಯಾಪದದ ಹಿಂದೆ ‘ಮೀ’ ಬಂದರೆ ಇಂಗ್ಲಿಷಿನಲ್ಲಿ ‘ವಾಸ್’ ಹಾಕಿ, ಕೊನೆಗೆ ‘ಇಂಗ್’ ಸೇರಿಸಿ. ಇರಾನಿನ ವ್ಯಾಕರಣವೇ ಈ ರೂಪವನ್ನು ‘ಮಾಜ಼ಿ-ಯೆ ಎಸ್ತೆಮ್ರಾರಿ’, ಅಂದರೆ ನಿರಂತರ ಭೂತ ಎಂದು ಕರೆಯುವುದರಿಂದ ಸೂತ್ರಕ್ಕೆ ಶಾಸ್ತ್ರದ ಮುದ್ರೆಯೂ ಸಿಗುತ್ತದೆ. ಇಂಗ್ಲಿಷಿಗೆ ಬಂದ ಎಷ್ಟೋ ಪರ್ಷಿಯನ್ ಗದ್ಯವನ್ನು ಕೆಡಿಸಿರುವುದು ಈ ಸೂತ್ರವೇ ಎಂಬುದು ನನ್ನ ವಾದ.

‘ಮೀರಫ್ತ್’ ಎಂಬ ಒಂದೇ ಪದ ನೋಡಿ. ‘ದಿನಾ ಹೋಗುತ್ತಿದ್ದ’ ಎಂಬ ರೂಢಿಯೂ ಅದೇ, ‘ಆಗ ಹೋಗುತ್ತಿದ್ದ’ ಎಂಬ ನಡೆಯುತ್ತಿರುವ ಕೆಲಸವೂ ಅದೇ. ‘ಅಗರ್ ಮೀದಾನೆಸ್ತಮ್, ಮೀಆಮದಮ್’ ಎಂದರೆ ‘ಗೊತ್ತಿದ್ದರೆ ಬರುತ್ತಿದ್ದೆ’; ಇಲ್ಲಿ ನಡೆಯದೇ ಹೋದ ಕೆಲಸಕ್ಕೂ ಅದೇ ‘ಮೀ’. ಕನ್ನಡಿಗರಿಗೆ ಇದರಲ್ಲಿ ಅಚ್ಚರಿ ಇರಬಾರದು. ನಮ್ಮ ‘ಉತ್ತಿದ್ದ’ ಈ ಮೂರೂ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಪೇಚು ಶುರುವಾಗುವುದು ಇಂಗ್ಲಿಷಿನಲ್ಲಿ. ಅಲ್ಲಿ ‘ಯೂಸ್ಡ್ ಟು ಗೋ’, ‘ವಾಸ್ ಗೋಯಿಂಗ್’, ‘ವುಡ್ ಹ್ಯಾವ್ ಗಾನ್’ ಬೇರೆಬೇರೆ. ಅನುವಾದಕ ಒಂದನ್ನು ಆರಿಸಲೇಬೇಕು. ಸೂತ್ರ ಹಿಡಿದವನು ಆರಿಸುವುದಿಲ್ಲ, ಒಂದನ್ನೇ ಎಲ್ಲೆಡೆ ಮೆತ್ತುತ್ತಾನೆ.

ನಾನೇ ಕಟ್ಟಿದ ಮೂರು ವಾಕ್ಯಗಳಲ್ಲಿ ಇದನ್ನು ನೋಡೋಣ. ‘ಪೆದರ್‌ಬೊಜ಼ೊರ್ಗಮ್ ಅಸ್ರ್‌ಹಾ ದರ್ ಹಯಾತ್ ಚಾಯ್ ಮೀಖೊರ್ದ್.’ ಅಜ್ಜ ಸಂಜೆಗಳಲ್ಲಿ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ‘ಆನ್ ರೂಜ಼್ ಹಮ್ ಚಾಯ್ ಮೀಖೊರ್ದ್ ಕೆ ದರ್ ಜ಼ದಂದ್.’ ಆ ದಿನವೂ ಕುಡಿಯುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು. ‘ಬಅದ್ ಅಜ಼್ ಆನ್ ದೀಗರ್ ಚಾಯ್ ನೆಮೀಖೊರ್ದ್.’ ಆಮೇಲೆ ಅವರು ಚಹಾ ಕುಡಿಯುತ್ತಲೇ ಇರಲಿಲ್ಲ.

ಮೂರರಲ್ಲೂ ಕ್ರಿಯಾಪದ ಒಂದೇ, ಕೊನೆಯದಕ್ಕೆ ನಿಷೇಧದ ‘ನೆ’ ಮಾತ್ರ ಸೇರಿದೆ. ಮೊದಲನೆಯದು ರೂಢಿ ಎಂದು ಹೇಳುವುದು ‘ಅಸ್ರ್‌ಹಾ’ದಲ್ಲಿರುವ ಬಹುವಚನ. ಎರಡನೆಯದು ನಡೆಯುತ್ತಿದ್ದ ಕೆಲಸ ಎಂದು ಹೇಳುವುದು ‘ಕೆ’ ಮತ್ತು ಅದರ ಬೆನ್ನಿಗೆ ‘ಮೀ’ ಇಲ್ಲದೆ ಬಂದ ‘ಜ಼ದಂದ್’. ಬಾಗಿಲು ತಟ್ಟಿದ್ದು ಒಂದೇ ಸಲದ ಘಟನೆ. ಮೂರನೆಯದರಲ್ಲಿ ‘ದೀಗರ್’ ರೂಢಿ ಮುರಿದದ್ದನ್ನು ಹೇಳುತ್ತದೆ. ಮೂರಕ್ಕೂ ‘ವಾಸ್ ಡ್ರಿಂಕಿಂಗ್’ ಹಾಕಿದರೆ ವರ್ಷಗಟ್ಟಲೆಯ ಅಭ್ಯಾಸ ಒಂದು ಸಂಜೆಗೆ ಇಳಿಯುತ್ತದೆ. ಆ ಬಾಗಿಲ ಸದ್ದು ಏನನ್ನು ಮುರಿಯಿತು ಎಂಬುದೇ ಓದುಗನಿಗೆ ತಿಳಿಯುವುದಿಲ್ಲ.

‘ನಡೆಯುತ್ತಿದೆ ಎನ್ನಲು ಪರ್ಷಿಯನ್‌ನಲ್ಲಿ ದಾಶ್ತನ್ ಇದೆಯಲ್ಲ, ಅದಿಲ್ಲದಿದ್ದರೆ ರೂಢಿ ಎಂದುಕೊಂಡರಾಯಿತು’ ಎನ್ನುವವರಿದ್ದಾರೆ. ‘ದಾಶ್ತ್ ಮೀಖೊರ್ದ್’ ಎಂದರೆ ‘ಕುಡಿಯುತ್ತಾ ಇದ್ದ’ ಎಂಬುದು ಖಚಿತ, ನಿಜ. ಆದರೆ ಇದು ಆಡುಮಾತಿನಿಂದ ಬಂದ ರೂಪ. ಗಂಭೀರ ಬರಹ ಇದನ್ನು ಕಡಿಮೆ ಬಳಸುತ್ತದೆ, ಹಳೆಯ ಗದ್ಯದಲ್ಲಿ ಹುಡುಕುವುದೇ ವ್ಯರ್ಥ. ಅದಕ್ಕಿಂತ ಮುಖ್ಯವಾಗಿ, ಇದಕ್ಕೆ ನಿಷೇಧರೂಪ ಬಳಕೆಯಲ್ಲಿಲ್ಲ. ‘ಸಿಗಾರ್ ನೆಮೀಕೆಶದ್’ ಎಂದರೆ ಸಿಗರೇಟು ಸೇದುವ ಚಟವೇ ಇಲ್ಲವೋ, ಈಗ ಸೇದುತ್ತಿಲ್ಲವೋ, ಸಂದರ್ಭವೇ ಹೇಳಬೇಕು. ದಾಶ್ತನ್ ಇದ್ದರೆ ಸಾಕ್ಷಿ ಸಿಕ್ಕಿತು; ಇಲ್ಲದಿರುವುದು ಯಾವುದಕ್ಕೂ ಸಾಕ್ಷಿಯಲ್ಲ.

ಸೂತ್ರ ನೇರವಾಗಿ ಸುಳ್ಳಾಗುವ ಜಾಗವೂ ಇದೆ. ‘ಕುಳಿತಿದ್ದ’ ಎನ್ನಲು ಪರ್ಷಿಯನ್‌ನಲ್ಲಿ ‘ನೆಶಸ್ತೆ ಬೂದ್’ ಎನ್ನುತ್ತಾರೆ, ಅಲ್ಲಿ ‘ಮೀ’ ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿ ಅದು ‘ವಾಸ್ ಸಿಟ್ಟಿಂಗ್’. ‘ಮೀನೆಶಸ್ತ್’ ಸಾಮಾನ್ಯವಾಗಿ ‘ಬಂದು ಕೂರುತ್ತಿದ್ದ’ ಎಂಬ ರೂಢಿ. ಅಂದರೆ ‘ಇಂಗ್’ ಬೇಕಾದಲ್ಲಿ ‘ಮೀ’ ಇಲ್ಲ, ‘ಮೀ’ ಇರುವಲ್ಲಿ ‘ಇಂಗ್’ ತಪ್ಪು.

ಇದನ್ನು ಪಂಡಿತರ ಜಗಳ ಎಂದು ತಳ್ಳಿಹಾಕುವವರು ಕಾದಂಬರಿ ಬಿಟ್ಟು ಹೇಳಿಕೆಗಳತ್ತ ನೋಡಲಿ. ಆಶ್ರಯ ಕೇಳಿ ಬಂದ ಇರಾನಿ ಒಬ್ಬ ‘ಮರಾ ಮೀಜ಼ದಂದ್’ ಎನ್ನುತ್ತಾನೆ ಎಂದುಕೊಳ್ಳಿ. ‘ನನ್ನನ್ನು ಹೊಡೆಯುತ್ತಿದ್ದರು.’ ಒಂದು ರಾತ್ರಿಯೋ, ತಿಂಗಳುಗಟ್ಟಲೆಯೋ? ದುಭಾಷಿ ‘ವರ್ ಬೀಟಿಂಗ್’ ಎಂದರೆ ಅದು ಒಂದು ಘಟನೆ, ‘ಯೂಸ್ಡ್ ಟು ಬೀಟ್’ ಎಂದರೆ ನಿರಂತರ ಹಿಂಸೆ. ಮುಂದಿನ ಸಂದರ್ಶನದಲ್ಲಿ ಇನ್ನೊಬ್ಬ ದುಭಾಷಿ ಇನ್ನೊಂದನ್ನು ಆರಿಸಿದರೆ ಅದೇ ಮನುಷ್ಯನ ಮಾತು ಪರಸ್ಪರ ವಿರುದ್ಧವಾಗಿ ಕಾಣುತ್ತದೆ. ಅವನು ಆಡಿದ ಪದ ಎರಡೂ ಸಲ ಒಂದೇ. ದುಭಾಷಿ ಇಲ್ಲಿ ಊಹಿಸಬಾರದು, ‘ಎಷ್ಟು ಸಲ?’ ಎಂದು ಕೇಳಿಸಬೇಕು.

ಪುಸ್ತಕದ ಅನುವಾದಕನಿಗೆ ಕೇಳುವ ಅವಕಾಶ ಇಲ್ಲದಿರಬಹುದು. ಅವನಿಗೆ ಇಂಗ್ಲಿಷಿನ ಸರಳ ಭೂತಕಾಲವಿದೆ. ಸಂಜೆಗಳಲ್ಲಿ ಅಜ್ಜ ಚಹಾ ‘ಡ್ರ್ಯಾಂಕ್’ ಎಂದರೆ ರೂಢಿ ತಾನಾಗಿ ಬರುತ್ತದೆ, ಪ್ರತಿ ಸಾಲಿಗೂ ‘ಯೂಸ್ಡ್ ಟು’ ಅಂಟಿಸಬೇಕಿಲ್ಲ. ‘ಇಂಗ್’ ಅನ್ನು ಬಾಗಿಲು ತಟ್ಟಿದ ಸಾಲಿಗೆ ಉಳಿಸಿಕೊಳ್ಳಲಿ. ‘ಮೀ’ ಕಂಡಾಗ ಅವನು ಮೊದಲು ನೋಡಬೇಕಾದದ್ದು ಆ ಕ್ರಿಯಾಪದದ ಅಕ್ಕಪಕ್ಕ. ಕನ್ನಡದಲ್ಲಿ ‘ಹೋಗುತ್ತಿದ್ದ’ ಓದುವಾಗ ನಾವೆಲ್ಲ ಮಾಡುವುದೂ ಅದನ್ನೇ.